ಲಾಭದ ಪುಟ ಓದಿ ಷೇರು ಕೊಳ್ಳುವವರಿಗೆ: ಸಂಭಾವ್ಯ ಹೊಣೆಯ ಟಿಪ್ಪಣಿಯನ್ನು ಬಿಡಬೇಡಿ

ನಮ್ಮ ಚಿಕ್ಕಪ್ಪನವರ ನಿವೃತ್ತಿ ಹಣದ ದೊಡ್ಡ ಪಾಲು ಯಂತ್ರದ ಬಿಡಿಭಾಗ ತಯಾರಿಸುವ ಒಂದು ಕಂಪನಿಯ ಷೇರುಗಳಲ್ಲಿತ್ತು. ವರ್ಷಕ್ಕೆ ಸುಮಾರು 30 ಕೋಟಿ ಲಾಭ, 240 ಕೋಟಿ ನಿವ್ವಳ ಮೌಲ್ಯ, ತಪ್ಪದ ಡಿವಿಡೆಂಡ್. ಹೀಗಿದ್ದ ಕಂಪನಿ ಒಂದೇ ತೀರ್ಪಿನಿಂದ ಸುಮಾರು 150 ಕೋಟಿ ಕಳೆದುಕೊಂಡಿತು, ಷೇರಿನ ಬೆಲೆ ಕುಸಿಯಿತು. ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ. ಹಳೆಯ ವಾರ್ಷಿಕ ವರದಿಗಳನ್ನು ಸಾಲಾಗಿ ಇಟ್ಟುಕೊಂಡು ಓದಿದಾಗ, ಬರಲಿದ್ದ ನಷ್ಟದ ಸುಳಿವು ಅವುಗಳಲ್ಲೇ ಅಚ್ಚಾಗಿದ್ದುದು ಕಂಡಿತು. ಬೇರೆಯವರಿಗೆ ಹೀಗಾಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಹಿಂದೆ ನಡೆದ ಯಾವುದೋ ವ್ಯವಹಾರದಿಂದ ಕಂಪನಿ ಹಣ ಕೊಡಬೇಕಾಗಿ ಬರುವ ಸಾಧ್ಯತೆ ಬಾರದಿರುವ ಸಾಧ್ಯತೆಗಿಂತ ಹೆಚ್ಚಿದ್ದು, ಮೊತ್ತವನ್ನು ನಂಬಬಹುದಾದಂತೆ ಅಂದಾಜು ಮಾಡಲು ಬಂದರೆ, ಇಂಡ್ ಎಎಸ್ 37 ಎಂಬ ಭಾರತೀಯ ಲೆಕ್ಕಪತ್ರ ಮಾನದಂಡದ ಪ್ರಕಾರ ಅದಕ್ಕೆ ಪ್ರಾವಿಷನ್ ಮಾಡಬೇಕು. ಅಂದರೆ ಆ ವರ್ಷದ ಲಾಭದಲ್ಲೇ ಅದನ್ನು ಕಳೆಯಬೇಕು. ಸಾಧ್ಯತೆ ಅದಕ್ಕಿಂತ ಕಡಿಮೆಯಿದ್ದರೆ ಅದು ಕಂಟಿಂಜೆಂಟ್ ಲಯಬಿಲಿಟಿ, ಅಂದರೆ ಸಂಭಾವ್ಯ ಹೊಣೆಯಾಗಿ ಲೆಕ್ಕಪತ್ರಗಳ ಟಿಪ್ಪಣಿಯಲ್ಲಿ ಮಾತ್ರ ಬರುತ್ತದೆ, ಲಾಭ ಹಾಗೆಯೇ ಉಳಿಯುತ್ತದೆ. ಸಾಧ್ಯತೆ ತೀರಾ ದೂರದ್ದಾದರೆ ಟಿಪ್ಪಣಿಯೂ ಬೇಕಿಲ್ಲ. ಈ ಮೂರರಲ್ಲಿ ಯಾವುದು ಎಂದು ಮೊದಲು ತೀರ್ಮಾನಿಸುವುದು ಕಂಪನಿಯ ಆಡಳಿತವೇ. ಲೆಕ್ಕಪರಿಶೋಧಕರು ಪರಿಶೀಲಿಸುತ್ತಾರಾದರೂ, ವಕೀಲರ ಅಭಿಪ್ರಾಯ ಕಂಪನಿಯ ಪರವಾಗಿದ್ದರೆ ಅವರಿಗೆ ಅದನ್ನು ತಳ್ಳಿಹಾಕುವುದು ಸುಲಭವಲ್ಲ.

ಚಿಕ್ಕಪ್ಪನವರ ಕಂಪನಿಯದು ಕೇಂದ್ರ ಅಬಕಾರಿ ಸುಂಕದ ವ್ಯಾಜ್ಯ. ತಯಾರಿಸಿದ ವಸ್ತು ಯಾವ ಶೀರ್ಷಿಕೆಯಡಿ ಬರುತ್ತದೆ, ಅದಕ್ಕೆ ಯಾವ ದರ ಎಂಬುದೇ ತಕರಾರು. ಟಿಪ್ಪಣಿಯಲ್ಲಿ ‘ವಿವಾದಿತ ಸುಂಕ 46 ಕೋಟಿ’ ಎಂದಿತ್ತು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಬಡ್ಡಿ ಮತ್ತು ದಂಡ ಹೊರತುಪಡಿಸಿ’ ಎಂದೂ ಇತ್ತು. ಮಾಹಿತಿ ಮುಚ್ಚಿಟ್ಟ ಆರೋಪ ಇದ್ದುದರಿಂದ ಸುಂಕದಷ್ಟೇ ದಂಡ, ಮತ್ತೆ 46 ಕೋಟಿ. ವರ್ಷಕ್ಕೆ ಶೇ. 15ರಂತೆ ಒಂಬತ್ತು ವರ್ಷದ ಸರಳ ಬಡ್ಡಿ ಸುಮಾರು 62 ಕೋಟಿ. ಒಟ್ಟು 154 ಕೋಟಿ. ಮೇಲ್ಮನವಿಗಾಗಿ ಕಟ್ಟಿದ್ದ 5 ಕೋಟಿಯಾದರೋ ಅಷ್ಟೂ ವರ್ಷ ಕಂಪನಿಯ ಆಸ್ತಿಯೆಂದೇ ಬ್ಯಾಲೆನ್ಸ್ ಶೀಟಿನಲ್ಲಿತ್ತು. ಸೋತ ದಿನ ಅದೂ ಖರ್ಚಾಯಿತು.

ನನ್ನನ್ನು ಹೆಚ್ಚು ಕಾಡಿದ್ದು ಮೊತ್ತವಲ್ಲ. ಲೆಕ್ಕಪರಿಶೋಧಕರ ವರದಿಗೆ ಅಂಟಿಕೊಂಡು ಬರುವ, ಕಾರೋ ಎಂಬ ಸರ್ಕಾರಿ ಆದೇಶದ ಪ್ರಕಾರ ಬರೆದ ಅನುಬಂಧದ 7ನೇ ಅಂಶದಲ್ಲಿ ವಿವಾದಿತ ಶಾಸನಬದ್ಧ ಬಾಕಿಗಳ ಒಂದು ಕೋಷ್ಟಕವಿರುತ್ತದೆ: ಯಾವ ತೆರಿಗೆ, ಎಷ್ಟು ಮೊತ್ತ, ಯಾವ ಅವಧಿಯದು, ಯಾವ ವೇದಿಕೆಯಲ್ಲಿ ವಿಚಾರಣೆ ಬಾಕಿ. ಒಂದು ವರ್ಷದ ವರದಿಯಲ್ಲಿ ವೇದಿಕೆಯ ಅಂಕಣದಲ್ಲಿ ‘ನ್ಯಾಯಾಧಿಕರಣ’ ಎಂದಿದ್ದುದು ಮುಂದಿನ ವರ್ಷ ‘ಸುಪ್ರೀಂ ಕೋರ್ಟ್’ ಎಂದಾಗಿತ್ತು, ಜಮೆ ಮಾಡಿದ ಮೊತ್ತವೂ ಏರಿತ್ತು. ನ್ಯಾಯಾಧಿಕರಣದಲ್ಲಿ ಕಂಪನಿ ಸೋತಿತ್ತು, ಅಲ್ಲಿಂದ ತಾನೇ ಮೇಲ್ಮನವಿಗೆ ಹೋಗಿತ್ತು. ಆದರೆ ಆಡಳಿತದ ಟಿಪ್ಪಣಿಯಲ್ಲಿದ್ದ ‘ಕಾನೂನು ಸಲಹೆಯ ಆಧಾರದಲ್ಲಿ ಪ್ರಾವಿಷನ್ ಅಗತ್ಯವಿಲ್ಲ’ ಎಂಬ ವಾಕ್ಯ ಎರಡೂ ವರ್ಷ ಒಂದಕ್ಷರವೂ ಬದಲಾಗದೆ ಉಳಿದಿತ್ತು. ಕೆಳಗಿನ ವೇದಿಕೆಯಲ್ಲಿ ಸೋತ ಮೇಲೂ ಸಾಧ್ಯತೆಯ ಅಂದಾಜು ಬದಲಾಗಲಿಲ್ಲವೆಂದರೆ ಕಾರಣವನ್ನು ಓದುಗರಿಗೆ ವಿವರಿಸಬೇಕಿತ್ತು. ಅದು ಕಾನೂನುಬಾಹಿರವೆಂದು ನಾನು ಹೇಳುತ್ತಿಲ್ಲ. ಹೂಡಿಕೆದಾರರಿಗೆ ಅದು ನ್ಯಾಯವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಬಡ್ಡಿ ಮತ್ತು ದಂಡ ಅಸಲನ್ನು ಎಷ್ಟು ಮೀರಬಲ್ಲವು ಎಂಬುದಕ್ಕೆ ಎಲ್ಲರಿಗೂ ತಿಳಿದ ಉದಾಹರಣೆ ದೂರಸಂಪರ್ಕ ಕಂಪನಿಗಳ ಎಜಿಆರ್, ಅಂದರೆ ಹೊಂದಾಣಿಕೆ ಮಾಡಿದ ಒಟ್ಟು ಆದಾಯದ ವ್ಯಾಜ್ಯ. ಪರವಾನಗಿ ಶುಲ್ಕವನ್ನು ಯಾವ ಆದಾಯದ ಮೇಲೆ ಲೆಕ್ಕ ಹಾಕಬೇಕೆಂಬ ಈ ತಕರಾರಿನಲ್ಲಿ ಸುಪ್ರೀಂ ಕೋರ್ಟ್ 2019ರ ಅಕ್ಟೋಬರ್ 24ರಂದು ಸರ್ಕಾರದ ಪರ ತೀರ್ಪು ಕೊಟ್ಟಿತು. ಅದರ ಬೆನ್ನಿಗೇ ಭಾರ್ತಿ ಏರ್‌ಟೆಲ್ 28,450 ಕೋಟಿ ರೂಪಾಯಿಯನ್ನು ಖರ್ಚಾಗಿ ತೋರಿಸಿತು. ಅದರಲ್ಲಿ ಅಸಲು 6,164 ಕೋಟಿ ಮಾತ್ರ. ಉಳಿದದ್ದೆಲ್ಲ ಬಡ್ಡಿ, ದಂಡ ಮತ್ತು ದಂಡದ ಮೇಲಿನ ಬಡ್ಡಿ.

ಟಿಪ್ಪಣಿಯಲ್ಲಿ ದೊಡ್ಡ ಮೊತ್ತ ಕಂಡ ಕೂಡಲೇ ಷೇರು ಮಾರಿಬಿಡಿ ಎಂದು ಇದರ ಅರ್ಥವಲ್ಲ. ಇದೇ ಟಿಪ್ಪಣಿಯಲ್ಲಿ ಬರುವ ಬ್ಯಾಂಕ್ ಗ್ಯಾರಂಟಿಗಳು ಗುತ್ತಿಗೆ ಕೆಲಸದ ಕಂಪನಿಗಳಿಗೆ ಸಹಜ, ತೆರಿಗೆ ಇಲಾಖೆಯ ಎಷ್ಟೋ ಬೇಡಿಕೆಗಳು ಮೇಲ್ಮನವಿಯಲ್ಲಿ ಬಿದ್ದೂ ಹೋಗುತ್ತವೆ. ಆದ್ದರಿಂದ ಮೊತ್ತವನ್ನು ಬರೇ ನೋಡದೆ ನಿವ್ವಳ ಮೌಲ್ಯದ ಪಕ್ಕದಲ್ಲಿಟ್ಟು ನೋಡಿ, ಬಡ್ಡಿ ಮತ್ತು ದಂಡ ಸೇರಿದೆಯೇ ಎಂದು ಹುಡುಕಿ, ಸೇರಿಲ್ಲದಿದ್ದರೆ ಅವಧಿಯ ಅಂಕಣದಿಂದ ವರ್ಷಗಳನ್ನು ಎಣಿಸಿ ನೀವೇ ಸೇರಿಸಿ. ಕನಿಷ್ಠ ಮೂರು ವರ್ಷದ ಕಾರೋ ಕೋಷ್ಟಕಗಳನ್ನು ಒಟ್ಟಿಗೆ ತೆರೆದು, ಪ್ರತಿ ವ್ಯಾಜ್ಯದ ವೇದಿಕೆ ಮೇಲಕ್ಕೆ ಹೋಗಿದೆಯೇ ಎಂದು ಗುರುತಿಸಿ. ಹೋಗಿದ್ದರೆ, ಮೇಲ್ಮನವಿ ಹಾಕಿದವರು ಕಂಪನಿಯವರೋ ಇಲಾಖೆಯವರೋ ಎಂಬುದನ್ನು ವಾರ್ಷಿಕ ಸಭೆಗೆ ಮುನ್ನ ಕಂಪನಿ ಸೆಕ್ರೆಟರಿಗೆ ಬರೆದು ಕೇಳಿ.