ಎರಡು ಮಳೆ ಜಾಕೆಟ್‌ಗಳು, ಒಂದು ಬೆನ್ನುಚೀಲ

ನನ್ನ ಬಳಿ ಎರಡು ಜಾಕೆಟ್‌ಗಳಿವೆ. ಒಂದರ ಚೀಟಿಯಲ್ಲಿ 'ವಾಟರ್ ರೆಸಿಸ್ಟೆಂಟ್, 1,500 ಮಿ.ಮೀ.' ಎಂದಿದೆ, ಇನ್ನೊಂದರಲ್ಲಿ 'ವಾಟರ್‌ಪ್ರೂಫ್, 10,000 ಮಿ.ಮೀ.' ಎಂದು. ಎರಡನ್ನೂ ತೊಟ್ಟು, ಹನ್ನೆರಡು ಕಿಲೋ ತೂಕದ ಬೆನ್ನುಚೀಲ ಹೊತ್ತು, ಒಂದೇ ದಾರಿಯಲ್ಲಿ ತಲಾ ಎರಡು ಗಂಟೆ ಮಳೆಯಲ್ಲಿ ನಡೆದೆ.

ಮೊದಲನೆಯದರ ಮೇಲೆ ಆರಂಭದಲ್ಲಿ ಹನಿಗಳು ಕೆಸುವಿನೆಲೆಯ ಮೇಲಿನಂತೆ ಉರುಳಿಹೋದವು. ಮನೆಗೆ ಬಂದು ನೋಡಿದರೆ ಚೀಲದ ಪಟ್ಟಿಯ ಕೆಳಗೆ ಅಂಗಿ ಅಂಗೈಯಗಲ ಒದ್ದೆ. ಎರಡನೆಯದರಲ್ಲಿ ಹೆಗಲು ಒಣಗಿಯೇ ಇತ್ತು.

ಕಾರಣವನ್ನು ಚೀಟಿಯ ಅಂಕಿಯಿಂದಲೇ ಲೆಕ್ಕ ಹಾಕಬಹುದು. ಅದು ಬರುವುದು ಹೈಡ್ರೋಸ್ಟ್ಯಾಟಿಕ್ ಹೆಡ್ ಪರೀಕ್ಷೆಯಿಂದ: ಬಟ್ಟೆಯ ತುಂಡೊಂದನ್ನು ಬಿಗಿಹಿಡಿದು, ಒಂದು ಬದಿಯಿಂದ ನೀರಿನ ಒತ್ತಡವನ್ನು ಏರಿಸುತ್ತಾ ಹೋಗುತ್ತಾರೆ. ಐಎಸ್ಒ 811 ಎಂಬ ಅಂತರರಾಷ್ಟ್ರೀಯ ಮಾನದಂಡದ ಕ್ರಮದಲ್ಲಿ ಇನ್ನೊಂದು ಬದಿಯ ಮೂರು ಕಡೆ ನೀರು ಜಿನುಗಿದಾಗಿನ ಒತ್ತಡವೇ ಫಲಿತಾಂಶ. ಅದನ್ನು ನೀರಿನ ಕಂಬದ ಎತ್ತರವಾಗಿ ಹೇಳುತ್ತಾರೆ. 1,500 ಮಿ.ಮೀ. ಎತ್ತರದ ಕಂಬ ಪ್ರತಿ ಚದರ ಸೆಂಟಿಮೀಟರಿಗೆ 150 ಗ್ರಾಂ ಒತ್ತುತ್ತದೆ, 10,000 ಮಿ.ಮೀ. ಎಂದರೆ ಒಂದು ಕಿಲೋ.

ನನ್ನ ಚೀಲಕ್ಕೆ ಸೊಂಟದ ಪಟ್ಟಿಯಿಲ್ಲ, ಹಾಗಾಗಿ ಒಂದೊಂದು ಹೆಗಲಿಗೆ ಸುಮಾರು ಆರು ಕಿಲೋ ಬೀಳುತ್ತದೆ. ಪಟ್ಟಿ ಅರವತ್ತು ಚದರ ಸೆಂಟಿಮೀಟರಿನಷ್ಟು ತಾಗಿದರೆ ಸರಾಸರಿ ಒತ್ತಡ 100 ಗ್ರಾಂ, ಅಂದರೆ 1,000 ಮಿ.ಮೀ.ಗೆ ಸಮ. ಆದರೆ ತೂಕ ಸಮನಾಗಿ ಹರಡುವುದಿಲ್ಲ. ಪಟ್ಟಿಯ ಅಂಚಿನಲ್ಲಿ 1,500ರ ಮಿತಿಯನ್ನು ಸುಲಭವಾಗಿ ಮೀರುತ್ತದೆ. ಜೊತೆಗೆ ಆ ಮಿತಿ ಹೊಸ ಬಟ್ಟೆಯದು. ಪಟ್ಟಿ ಉಜ್ಜಿ ಉಜ್ಜಿ ಲೇಪನ ಸವೆದಂತೆ ಅದು ಇಳಿಯುತ್ತದೆ.

ಹಾಗಾದರೆ ಚೀಲವಿಲ್ಲದಿದ್ದರೆ? ಮೊದಲನೆಯದನ್ನು ಹಾಗೆಯೂ ತೊಟ್ಟು ನಡೆದೆ. ಈ ಬಾರಿ ಅಗಲವಾದ ಒದ್ದೆಯಿರಲಿಲ್ಲ, ಹೆಗಲಿನ ಹೊಲಿಗೆಯುದ್ದಕ್ಕೂ ತೆಳ್ಳನೆಯ ತಣ್ಣನೆ ಗೆರೆಯೊಂದಿತ್ತು. ಬಟ್ಟೆ ಮಳೆಯನ್ನು ತಡೆದಿತ್ತು, ಸೂಜಿಯ ತೂತುಗಳು ತಡೆಯಲಿಲ್ಲ. ಚೀಟಿಯ ಅಂಕಿ ಸಾಮಾನ್ಯವಾಗಿ ಬಟ್ಟೆಯದು ಮಾತ್ರ. ಹೊಲಿಗೆ, ಜಿಪ್‌ಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ನನ್ನನ್ನು ಕೇಳಿದರೆ, ಕೊಳ್ಳುವವರಿಗೆ ಇದನ್ನು ಚೀಟಿಯಲ್ಲಿಯೇ ಸ್ಪಷ್ಟವಾಗಿ ಹೇಳಬೇಕು.

10,000ದ ಜಾಕೆಟ್‌ನಲ್ಲೂ ಬೆನ್ನು ತೇವವಾಗಿತ್ತು. ಅದು ಸೋರಿಕೆಯಲ್ಲ, ಬೆವರು: ಗೆರೆಯಾಗಲಿ ಕಲೆಯಾಗಲಿ ಇಲ್ಲದೆ ಇಡೀ ಬೆನ್ನಿಗೆ ಹರಡಿತ್ತು, ಮಳೆಯಿಲ್ಲದ ದಿನ ಏರು ಹತ್ತಿದಾಗಲೂ ಹಾಗೆಯೇ ಆಯಿತು. ಹೆಚ್ಚಿನ ಅಂಕಿ ಇದಕ್ಕೆ ಮದ್ದಲ್ಲ.

ಚೀಲವಿಲ್ಲದೆ ಸ್ವಲ್ಪ ಹೊತ್ತು ಮಳೆಯಲ್ಲಿ ಓಡಾಡಲು ಮೊದಲನೆಯದು ಸಾಕು, ಹಗುರವೂ ಹೌದು. ಚೀಲ ಹೊತ್ತು ನಡೆಯುವ ದಿನ ಎರಡನೆಯದನ್ನೇ ತೆಗೆದುಕೊಳ್ಳುತ್ತೇನೆ. ಅಂಗಡಿಯಲ್ಲಿ ಈಗ ಅಂಕಿ ಓದುವ ಮೊದಲು ಜಾಕೆಟ್‌ನ ಒಳಮೈ ಹೊರಳಿಸಿ, ಹೆಗಲಿನ ಮತ್ತು ಟೋಪಿಯ ಪ್ರತಿ ಹೊಲಿಗೆಯ ಮೇಲೂ ಟೇಪ್ ಅಂಟಿಸಿದೆಯೇ ಎಂದು ಬೆರಳಾಡಿಸಿ ನೋಡುತ್ತೇನೆ.