ಬ್ಲಾಗರ್, ವರ್ಡ್‌ಪ್ರೆಸ್, ಹ್ಯೂಗೋ: ಮೂರನ್ನೂ ಬಳಸಿದ ಮೇಲೆ

ಹಕ್ಕಿ ನೋಡುವುದು ನನ್ನ ಹುಚ್ಚು. ಕಂಡದ್ದನ್ನು ಬರೆದಿಡಲು 2014ರಲ್ಲಿ ಗೂಗಲ್‌ನ ಬ್ಲಾಗರ್‌ನಲ್ಲಿ ಶುರು ಮಾಡಿದೆ. ನಾಲ್ಕು ವರ್ಷದ ಮೇಲೆ ಹೋಸ್ಟಿಂಗ್ ಬಾಡಿಗೆಗೆ ತಗೊಂಡು ವರ್ಡ್‌ಪ್ರೆಸ್ ಹಾಕಿಕೊಂಡೆ. ಈಗ ಮೂರು ವರ್ಷದಿಂದ, ಪಠ್ಯದ ಫೈಲುಗಳಿಂದಲೇ ತಾಣ ಕಟ್ಟಿಕೊಡುವ ಹ್ಯೂಗೋ. ಬರೆಯುವುದಕ್ಕೆ ಮೂರೂ ಸಾಕು. ನನಗೆ ತೊಂದರೆ ಕೊಟ್ಟದ್ದು ಒಂದರಿಂದ ಇನ್ನೊಂದಕ್ಕೆ ಮನೆ ಬದಲಿಸುವ ಕೆಲಸ, ಅದರಲ್ಲೂ ಕನ್ನಡ ಬರಹಗಳ ಲಿಂಕುಗಳು.

ಒಂದೇ ಬರಹ ಹೇಳುತ್ತೇನೆ. ತಲೆಬರಹ 'ಮಳೆಗಾಲದ ಮೊದಲ ದಿನ ಕಂಡ ಮಿಂಚುಳ್ಳಿ'. ಬ್ಲಾಗರ್ ಲಿಂಕ್ ಮಾಡುವಾಗ ಕನ್ನಡ ಅಕ್ಷರಗಳನ್ನು ಕೈಬಿಡುತ್ತದೆ. ಹಾಗಾಗಿ ಸಿಕ್ಕಿದ್ದು ಇದು:

```
/2014/06/blog-post_14.html
```

ಯಾವ ಹಕ್ಕಿಯ ಬರಹ ಅಂತ ನನಗೇ ಗೊತ್ತಾಗುವುದಿಲ್ಲ. ನನ್ನ 86 ಬರಹಗಳಲ್ಲಿ ಹೆಚ್ಚಿನವು ಹೀಗೇ ಇದ್ದವು. ಪ್ರಕಟಿಸುವ ಮೊದಲು ಪಕ್ಕದ ಪಟ್ಟಿಯಲ್ಲಿ ಪರ್ಮಾಲಿಂಕ್ ತೆರೆದು ಇಂಗ್ಲಿಷ್ ಅಕ್ಷರದಲ್ಲಿ `minchulli` ಎಂದು ನಾವೇ ಬರೆದಿಡಬಹುದಿತ್ತು. ಆಗ ಅದು ಕಣ್ಣಿಗೇ ಬೀಳಲಿಲ್ಲ.

ವರ್ಡ್‌ಪ್ರೆಸ್ ಕನ್ನಡವನ್ನು ಬಿಸಾಡುವುದಿಲ್ಲ, ಲಿಂಕಿನಲ್ಲೇ ಇಟ್ಟುಕೊಳ್ಳುತ್ತದೆ. ಖುಷಿಯಾಯಿತು. ಆದರೆ ಒಳಗೆ ಒಂದು ಕನ್ನಡ ಅಕ್ಷರ `%E0%B2%95` ಎಂಬಂತೆ ಒಂಬತ್ತು ಜಾಗ ತಿನ್ನುತ್ತದೆ. ಕಾಗುಣಿತದ ಗುರುತೂ, ಅರ್ಕಾವೊತ್ತೂ ಬೇರೆ ಬೇರೆ ಲೆಕ್ಕ. ಲಿಂಕಿನಲ್ಲಿ ತಲೆಬರಹದ ಭಾಗಕ್ಕೆ ಇರುವ ಜಾಗ ಒಟ್ಟು 200. ಅಂದರೆ ಸುಮಾರು 22 ಗುರುತುಗಳಿಗೆ ಮುಗಿಯಿತು. ನನ್ನ ತಲೆಬರಹ 'ಮಳೆಗಾಲದ-ಮೊದಲ-ದಿನ-ಕಂಡ-ಮಿಂಚ' ಎಂದು ನಿಂತಿತು. ಹಕ್ಕಿಯ ಬಾಲವೇ ಕತ್ತರಿಸಿ ಹೋಯಿತು! ಅದನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಅರ್ಧ ಪರದೆ ಬರೀ ಶೇಕಡಾ ಚಿಹ್ನೆ. "ಇದೇನು ವೈರಸ್ಸಾ?" ಅಂತ ಚಿಕ್ಕಪ್ಪ ಕೇಳಿದ್ದರು.

ವರ್ಡ್‌ಪ್ರೆಸ್‌ನ ನಿಜವಾದ ಖರ್ಚು ಹಣದ್ದಲ್ಲ. ಮೊದಲ ವರ್ಷ ಅಗ್ಗವಾಗಿದ್ದ ಹೋಸ್ಟಿಂಗ್ ಎರಡನೇ ವರ್ಷ ದುಬಾರಿಯಾಯಿತು, ಅದನ್ನು ಬಿಟ್ಟು ಇನ್ನೊಂದು ಕಂಪನಿಗೆ ಹೋದೆ. ಡೇಟಾಬೇಸ್ ಸಾಗಿಸಿದ ಮೇಲೆ ತಾಣ ತೆರೆದರೆ, ಎಲ್ಲ ಬರಹಗಳಲ್ಲೂ ಕನ್ನಡದ ಜಾಗದಲ್ಲಿ `?????`. ಎದೆ ಧಸಕ್ಕೆಂದಿತು. ಹೊಸ ಕಡೆ ಟೇಬಲ್‌ಗಳು ಕನ್ನಡ ಹಿಡಿಯುವ `utf8mb4` ಬದಲು ಕನ್ನಡ ಹಿಡಿಯದ `latin1` ಆಗಿ ತಯಾರಾಗಿದ್ದವು. ಇಲ್ಲಿ ಒಂದು ವ್ಯತ್ಯಾಸ ತಿಳಿದಿರಲಿ. `à²•` ಥರದ ಗೀಚು ಕಂಡರೆ ಸಾಮಾನ್ಯವಾಗಿ ಅಕ್ಷರ ಒಳಗೆ ಇರುತ್ತದೆ, ಓದುವ ರೀತಿ ತಪ್ಪಿರುತ್ತದೆ, ಸರಿಮಾಡಬಹುದು. ಡೇಟಾಬೇಸ್ ಒಳಗೇ ಪ್ರಶ್ನೆ ಚಿಹ್ನೆ ಕೂತಿದ್ದರೆ ಆ ಪ್ರತಿಯಲ್ಲಿ ಅಕ್ಷರ ಹೋಗಿಯೇ ಬಿಟ್ಟಿದೆ. ನನ್ನ ಪುಣ್ಯ, ಹಳೆಯ ಹೋಸ್ಟಿಂಗ್ ಮುಗಿಯಲು ಇನ್ನೂ ಹತ್ತು ದಿನ ಇತ್ತು. ಅಲ್ಲಿಂದ ಮತ್ತೆ ತೆಗೆದೆ.

ಹ್ಯೂಗೋದಲ್ಲಿ ಡೇಟಾಬೇಸೇ ಇಲ್ಲ. ಒಂದು ಬರಹ ಅಂದರೆ ಒಂದು ಪಠ್ಯದ ಫೈಲು. ಅದರ ತಲೆಯಲ್ಲಿ ಹೀಗೆ ಬರೆಯುತ್ತೇನೆ:

```
---
title: "ಮಳೆಗಾಲದ ಮೊದಲ ದಿನ ಕಂಡ ಮಿಂಚುಳ್ಳಿ"
date: 2014-06-09
slug: "minchulli"
aliases: ["/2014/06/blog-post_14.html"]
---
```

`aliases` ಸಾಲು ನನ್ನ ತಾಣದಲ್ಲಿ ಆ ಹಳೆಯ ವಿಳಾಸವನ್ನೂ ಹುಟ್ಟಿಸಿ, ಬಂದವರನ್ನು ಹೊಸದಕ್ಕೆ ಕಳಿಸುತ್ತದೆ. ಆದರೆ ನನಗೆ ಉಪಯೋಗ ಅರ್ಧ ಮಾತ್ರ. ನನ್ನ ಬ್ಲಾಗರ್ ಕಾಲದ ಲಿಂಕುಗಳೆಲ್ಲ `blogspot.com` ಮೇಲಿದ್ದವು, ಆ ಹೆಸರು ನನ್ನದಲ್ಲ. ಮೊದಲ ದಿನವೇ ಸ್ವಂತ ಡೊಮೇನ್ ಕೊಂಡು ಬ್ಲಾಗರ್‌ಗೆ ಜೋಡಿಸಿದ್ದರೆ ಎಲ್ಲವೂ ಜೊತೆಗೇ ಬರುತ್ತಿತ್ತು. ಬ್ಲಾಗರ್ ಅದಕ್ಕೆ ದುಡ್ಡು ಕೇಳುವುದಿಲ್ಲ, ಡೊಮೇನ್‌ಗೆ ವರ್ಷಕ್ಕೆ ಸಾವಿರ ರೂಪಾಯಿ ಆಚೀಚೆ ಅಷ್ಟೇ.

ಹಾಗಂತ ಹೊಸಬರಿಗೆ ಹ್ಯೂಗೋ ಹೇಳಲ್ಲ. ಫೋನಿನಿಂದ ಒಂದು ಕಾಗುಣಿತ ತಿದ್ದುವುದೂ ರಗಳೆ. ಕಮೆಂಟಿಗೆ ಜಾಗವಿಲ್ಲ, ಬೇಕೆಂದರೆ ಬೇರೆ ಸೇವೆ ಅಂಟಿಸಬೇಕು. ಒಮ್ಮೆ ಹ್ಯೂಗೋ ಹೊಸ ಆವೃತ್ತಿಗೆ ಹೋದಾಗ ನನ್ನ ಹಳೆಯ ಥೀಮ್ ಕೈಕೊಟ್ಟು, ಒಂದು ಭಾನುವಾರ ಪೂರ್ತಿ ಅದಕ್ಕೇ ಹೋಯಿತು. ಕಪ್ಪು ಪರದೆಯಲ್ಲಿ `hugo server` ಎಂದು ಟೈಪ್ ಮಾಡುವುದೇ ಖುಷಿ ಅನ್ನುವವರಿಗೆ ಮಾತ್ರ ಇದು. ವರ್ಡ್‌ಪ್ರೆಸ್? ಅಂಗಡಿಯೋ ಸದಸ್ಯತ್ವವೋ ಬೇಕಿದ್ದರೆ ಸರಿ. ಬರೀ ಬರಹಕ್ಕಾಗಿ ಪ್ರತಿ ವಾರ ಪ್ಲಗಿನ್ ಅಪ್‌ಡೇಟ್ ಮಾಡುತ್ತಾ ಕೂರುವುದು ನನಗಂತೂ ಜಾಸ್ತಿಯಾಯಿತು.

ಹೋದ ತಿಂಗಳು ಅತ್ತಿಗೆ ಅಡುಗೆ ಬಗ್ಗೆ ಬರೆಯಬೇಕು ಅಂದರು. ಬ್ಲಾಗರ್, ಸ್ವಂತ ಡೊಮೇನ್, ಇಂಗ್ಲಿಷ್ ಅಕ್ಷರದ ಪರ್ಮಾಲಿಂಕ್, ಇಷ್ಟೇ ಮಾಡಿಕೊಟ್ಟೆ. ಮೊನ್ನೆ ಫೋನ್ ಬಂತು: "`hagalakayi` ಅಂತ ಬರೀಲಾ, `hagalakai` ಅಂತಾನಾ?"

"ಯಾವುದಾದರೂ ಸರಿ ಅತ್ತಿಗೆ, ಪಬ್ಲಿಷ್ ಒತ್ತೋ ಮೊದಲು ಬರೀರಿ ಅಷ್ಟೇ."