ಅಪ್ಪ ಸೋತ ದಾರಿ ಕೇಸನ್ನು ನಾನು ಮತ್ತೆ ಹಾಕಿ ಕೆಟ್ಟೆ

ನಿಮ್ಮ ಮನೆಯ ಅಟ್ಟದ ಮೇಲೆ ಅಪ್ಪನೋ ಅಜ್ಜನೋ ಸೋತ ಕೇಸಿನ ಕಟ್ಟು ಇದೆಯೇ? ಯಾರಾದರೂ ಬಂದು "ಬೇರೆ ಪಾಯಿಂಟಿನ ಮೇಲೆ ಹೊಸದಾಗಿ ಹಾಕೋಣ" ಅಂತ ಹೇಳಿದ್ದಾರೆಯೇ? ಹಾಗಿದ್ದರೆ ವಕಾಲತ್ತಿಗೆ ಸಹಿ ಹಾಕುವ ಮುಂಚೆ ಇದನ್ನು ಓದಿ. ನಾನು ಓದದೆ, ಕೇಳದೆ ಸಹಿ ಹಾಕಿದವನು. ಐದು ವರ್ಷ, ಎರಡು ಲಕ್ಷಕ್ಕೆ ಹತ್ತಿರ ದುಡ್ಡು ಹೋಯಿತು.

ನಮ್ಮದು ವಿರಾಜಪೇಟೆ ಕಡೆ ಸಣ್ಣ ರೋಬಸ್ಟಾ ತೋಟ. ಪಕ್ಕದ ತೋಟವೂ ಒಂದು ಕಾಲದಲ್ಲಿ ನಮ್ಮ ಕುಟುಂಬದ್ದೇ. 1974ರಲ್ಲಿ ಅಜ್ಜನಿಗೂ ಅವರ ತಮ್ಮನಿಗೂ ಪಾಲಾಯಿತು. ಡಾಂಬರು ರಸ್ತೆ ಬದಿಯ ಪಾಲು ತಮ್ಮನಿಗೆ ಹೋಯಿತು, ಒಳಗಿನ ಪಾಲು ನಮಗೆ ಬಂತು. ಅವರ ಕಾಫಿ ಮಧ್ಯದಲ್ಲೇ ಹಾದು ಬರುವ ಜೀಪು ದಾರಿಯನ್ನು ಯಾರೂ ಕಾಗದದಲ್ಲಿ ಬರೆದಿರಲಿಲ್ಲ. ಆಮೇಲೆ ಆ ತೋಟ ಹೊರಗಿನವರೊಬ್ಬರಿಗೆ ಮಾರಾಟವಾಯಿತು. 2008ರ ನವೆಂಬರಿನಲ್ಲಿ ಅವರು ದಾರಿಗೆ ಗೇಟು ಹಾಕಿ ಬೀಗ ಜಡಿದರು.

ಅಪ್ಪ 2009ರ ಜೂನ್‌ನಲ್ಲಿ ದಾವೆ ಹಾಕಿದರು. ಆಧಾರ ಒಂದೇ: ಅಗತ್ಯದ ದಾರಿ ಹಕ್ಕು. ಒಂದೇ ಆಸ್ತಿ ಪಾಲಾಗಿ, ಇನ್ನೊಬ್ಬರ ಪಾಲಿನ ಮೇಲೆ ಹೋಗದೆ ನಮ್ಮ ಪಾಲನ್ನು ಅನುಭವಿಸಲು ಸಾಧ್ಯವೇ ಇಲ್ಲದಿದ್ದರೆ 1882ರ ಈಸ್‌ಮೆಂಟ್ಸ್ ಕಾಯ್ದೆಯ 13ನೇ ಕಲಂ ಈ ಹಕ್ಕು ಕೊಡುತ್ತದೆ. ಪ್ರತಿವಾದಿ ಕಡೆಯವರು ನಕ್ಷೆ ಹಿಡಿದು ಬಂದರು. ಕೆಳಗಡೆ ಗದ್ದೆ ಏರಿ ಪಕ್ಕ ಪಂಚಾಯಿತಿ ರಸ್ತೆ ಸೇರುವ ಗಾಡಿ ದಾರಿ ಇದೆ, ಮೂರು ಕಿಲೋಮೀಟರ್ ಸುತ್ತಾದರೂ ಇದೆ ಎಂದರು. ಅದು ನಿಜವೇ. ಮಳೆಗಾಲದಲ್ಲಿ ತೋಡು ಉಕ್ಕಿದರೆ ಅಲ್ಲಿ ಟ್ರಾಕ್ಟರ್ ಹೂತುಹೋಗುತ್ತದೆ ಎನ್ನುವುದೂ ನಿಜ. ಆದರೆ ಕಷ್ಟವಿದೆ ಎನ್ನುವುದು ಬೇರೆ, ದಾರಿಯೇ ಇಲ್ಲ ಎನ್ನುವುದು ಬೇರೆ. 2014ರ ಜನವರಿಯಲ್ಲಿ ದಾವೆ ವಜಾ ಆಯಿತು.

ಮೇಲ್ಮನವಿಗೆ ಇದ್ದದ್ದು 30 ದಿನ. ತೀರ್ಪಿನ ನಕಲು ಕೈಗೆ ಬರಲು ಹಿಡಿದ ದಿನಗಳನ್ನು ಅದರಲ್ಲಿ ಎಣಿಸುವುದಿಲ್ಲ ಎನ್ನುವುದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ರೋಬಸ್ಟಾ ಕೊಯ್ಲು ಜೋರಾಗಿದ್ದ ತಿಂಗಳು ಅದು. ಕಣದಲ್ಲಿ ಹಣ್ಣು ಹರಡಿತ್ತು, ಆಳು ಸಿಗುತ್ತಿರಲಿಲ್ಲ. "ಕೊಯ್ಲು ಮುಗೀಲಿ, ನೋಡೋಣ" ಎಂದರು ಅಪ್ಪ. ಕೊಯ್ಲು ಮುಗಿದ ಮೇಲೆ ಹೂಮಳೆ ಬಂತು. ಆಮೇಲೆ ಅವರ ಉತ್ಸಾಹವೂ ಇಳಿಯಿತು. 2016ರಲ್ಲಿ ತೀರಿಕೊಂಡರು.

ನನ್ನ ತಪ್ಪು ಶುರುವಾದದ್ದು 2017ರಲ್ಲಿ. ಪರಿಚಯದವರು ಒಬ್ಬ ವಕೀಲರ ಹತ್ತಿರ ಕರೆದುಕೊಂಡು ಹೋದರು. ಹಳೆ ತೀರ್ಪನ್ನು ತೋರಿಸಿದೆ. ಅವರು ಕೊನೆಯ ಪುಟ ಮಾತ್ರ ಓದಿ ಪಕ್ಕಕ್ಕಿಟ್ಟರು.

"ಅದು ನಿಮ್ಮ ತಂದೆಯವರ ಕೇಸು. ಇದರಲ್ಲಿ ನಿಮ್ಮ ಹೆಸರು ಎಲ್ಲಿದೆ? ಅಲ್ಲದೆ ಅವರು ಕೇಳಿದ್ದು ಅಗತ್ಯದ ಹಕ್ಕು. ನಾವು ರೂಢಿಯ ಹಕ್ಕು ಕೇಳೋಣ. ಇಪ್ಪತ್ತು ವರ್ಷ ಓಡಾಡಿದ್ದೀರಲ್ಲ?"

"ಇಪ್ಪತ್ತಲ್ಲ ಸಾರ್, ಮೂವತ್ತು ವರ್ಷ ಓಡಾಡಿದ್ದೇವೆ."

"ಮತ್ತೇನು ಯೋಚನೆ!"

ಕೇಳಲು ಎಷ್ಟು ಚೆನ್ನಾಗಿತ್ತು ಅಂತೀರಿ. ಹೆಸರೂ ಬೇರೆ, ಆಧಾರವೂ ಬೇರೆ, ಹಾಗಾಗಿ ಕೇಸೂ ಬೇರೆ. ಈ ಎರಡು ಮಾತಿನಲ್ಲಿ ಒಂದೂ ನಿಲ್ಲಲಿಲ್ಲ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಕಲಂ ಹೇಳುವುದು ಇಷ್ಟು: ಇದೇ ಪಕ್ಷಗಾರರ ಮಧ್ಯೆ ಇದೇ ಮುಖ್ಯ ವಿವಾದವನ್ನು ಅಧಿಕಾರವಿದ್ದ ಕೋರ್ಟು ವಿಚಾರಣೆ ಮಾಡಿ ಒಮ್ಮೆ ಅಂತಿಮವಾಗಿ ತೀರ್ಮಾನಿಸಿದ್ದರೆ, ಯಾವ ಕೋರ್ಟೂ ಅದನ್ನು ಮತ್ತೆ ವಿಚಾರಣೆ ಮಾಡುವಂತಿಲ್ಲ. ಇದನ್ನೇ ಕೋರ್ಟಿನವರು ರೆಸ್ ಜುಡಿಕೇಟಾ ಎನ್ನುತ್ತಾರೆ. ಬ್ರಿಟಿಷರು ತಂದ ಸರಕು ಎಂದು ನಾನು ಅಂದುಕೊಂಡಿದ್ದೆ. ನಮ್ಮ ಹಳೆಯ ಧರ್ಮಶಾಸ್ತ್ರಗಳಲ್ಲೂ ಪ್ರತಿವಾದಿ ಕೊಡಬಹುದಾದ ನಾಲ್ಕು ಬಗೆಯ ಉತ್ತರಗಳಲ್ಲಿ ‘ಪ್ರಾಙ್ನ್ಯಾಯ’ ಒಂದು. "ಈ ವಿಷಯದಲ್ಲಿ ಇವನು ಮೊದಲೇ ಸೋತಿದ್ದಾನೆ" ಎಂದು ಹೇಳಿ ಮುಗಿಸುವುದು.

‘ಇದೇ ಪಕ್ಷಗಾರರು’ ಎನ್ನುವಲ್ಲಿ ನಾನು ಎಡವಿದೆ. ಯಾರ ಮೂಲಕ ನಮಗೆ ಹಕ್ಕು ಬಂದಿದೆಯೋ ಅವರೂ ಆ ಮಾತಿನೊಳಗೆ ಸೇರುತ್ತಾರೆ. ತೋಟ ನನಗೆ ಅಪ್ಪನಿಂದ ಬಂತು, ಅದರ ಜೊತೆಗೆ ಅವರ ಸೋಲೂ ಬಂತು. ನಾನು ತೋಟವನ್ನು ಮಾರಿದ್ದರೆ ಕೊಂಡವನಿಗೂ ಅದೇ ಸೋಲು ಅಂಟುತ್ತಿತ್ತು. ಹಳೆ ಕೇಸಿದ್ದ ಜಾಗ ಕೊಳ್ಳುವವರು ಇದನ್ನು ಗಮನಿಸಿ.

ಆಧಾರ ಬೇರೆ ಎನ್ನುವ ಮಾತಿಗೆ ಅದೇ ಕಲಮಿನ ನಾಲ್ಕನೇ ವಿವರಣೆ ಉತ್ತರ ಕೊಡುತ್ತದೆ. ಹಿಂದಿನ ದಾವೆಯಲ್ಲಿ ಎತ್ತಬಹುದಾಗಿದ್ದ ಮತ್ತು ಎತ್ತಲೇಬೇಕಾಗಿದ್ದ ಆಧಾರವನ್ನು ಎತ್ತದೆ ಬಿಟ್ಟಿದ್ದರೆ, ಅದೂ ಆಗಲೇ ವಿಚಾರಣೆಯಾದಂತೆ ಲೆಕ್ಕ. ಅಪ್ಪ ಒಂದೇ ದಾವೆಯಲ್ಲಿ "ಅಗತ್ಯದ ಹಕ್ಕು ಕೊಡಿ, ಅದು ಆಗದಿದ್ದರೆ ರೂಢಿಯ ಹಕ್ಕನ್ನಾದರೂ ಕೊಡಿ" ಎಂದು ಎರಡನ್ನೂ ಕೇಳಬಹುದಿತ್ತು. ಕೇಳಿದ ಪರಿಹಾರ ಒಂದೇ, ದಾರಿ ಒಂದೇ, ಗೇಟು ಒಂದೇ. ಒಂದು ಗೇಟಿಗೆ ಒಂದೊಂದು ಆಧಾರದಂತೆ ಒಂದೊಂದು ದಾವೆ ಹಾಕುತ್ತ ಹೋದರೆ ಎದುರಿನವನ ಗತಿಯೇನು ಎಂದು ನಾನಾಗ ಯೋಚಿಸಲಿಲ್ಲ. ಎದುರಿನವನ ಮೇಲೆ ಸಿಟ್ಟಿದ್ದವನಿಗೆ ಅದು ಹೊಳೆಯುವುದೂ ಇಲ್ಲ.

ನನ್ನನ್ನು ಇನ್ನಷ್ಟು ಆಳಕ್ಕೆ ಎಳೆದದ್ದು 2018ರಲ್ಲಿ ಸಿಕ್ಕ ಒಂದು ಸಣ್ಣ ಗೆಲುವು. ವಾದಪತ್ರವನ್ನು ಮೊದಲ ಹಂತದಲ್ಲೇ ತಿರಸ್ಕರಿಸಿ ಎಂದು ಎದುರಿನವರು ಆದೇಶ 7, ನಿಯಮ 11ರ ಅಡಿ ಅರ್ಜಿ ಹಾಕಿದರು. ಅದು ವಜಾ ಆಯಿತು. ನಾವು ಮನೆಯಲ್ಲಿ ಪಾಯಸ ಮಾಡಿದೆವು. ಅಸಲು ಸಂಗತಿ ಬೇರೆ. ಆ ಅರ್ಜಿ ಬಂದಾಗ ಕೋರ್ಟು ವಾದಪತ್ರವನ್ನಷ್ಟೇ ನೋಡುತ್ತದೆ, ಎದುರಿನವರ ಉತ್ತರವನ್ನು ನೋಡುವುದಿಲ್ಲ. ನಮ್ಮ ವಾದಪತ್ರದಲ್ಲಿ ಹಳೆ ಕೇಸಿನ ಸುದ್ದಿಯನ್ನೇ ಎತ್ತಿರಲಿಲ್ಲ (ಅದೂ ಒಂದು ಹುಳುಕು, ತೀರ್ಪಿನಲ್ಲಿ ಅದಕ್ಕೆ ಬೇರೆ ಮಾತು ಕೇಳಬೇಕಾಯಿತು). ರೆಸ್ ಜುಡಿಕೇಟಾ ತೀರ್ಮಾನಿಸಲು ಹಳೆ ದಾವೆಯ ವಾದಪತ್ರ, ಲಿಖಿತ ಹೇಳಿಕೆ, ವಿವಾದಾಂಶ, ತೀರ್ಪು ಎಲ್ಲ ಬೇಕು, ಹಾಗಾಗಿ ಸಾಮಾನ್ಯವಾಗಿ ಈ ಹಂತದಲ್ಲಿ ಅದನ್ನು ತೀರ್ಮಾನಿಸಲು ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಸ್ಪಷ್ಟವಾಗಿ ಹೇಳಿದೆ. ಅಂದರೆ 2018ರ ಆದೇಶಕ್ಕೆ ಇದ್ದ ಅರ್ಥ ‘ಆಮೇಲೆ ನೋಡೋಣ’ ಎನ್ನುವಷ್ಟೇ. ನಾವು ಅದನ್ನು ‘ನಿಮ್ಮದೇ ಸರಿ’ ಎಂದು ಓದಿಕೊಂಡೆವು.

ಕೊರೋನಾ ಕಳೆದು 2021ರ ಕೊನೆಗೆ ನನ್ನ ಪಾಟೀ ಸವಾಲು ಬಂತು. ಎದುರಿನ ವಕೀಲರು ವಯಸ್ಸಾದವರು, ಧ್ವನಿ ಎತ್ತುವವರಲ್ಲ. ಹಳೆ ದಾವೆಯ ದೃಢೀಕೃತ ನಕಲುಗಳು ನಿಶಾನೆ ಡಿ-1ರಿಂದ ಡಿ-4 ಎಂದು ಗುರುತಾದವು. ಮೊದಲನೆಯದನ್ನು ನನ್ನ ಕೈಗೆ ಕೊಡಿಸಿದರು.

"ವಾದಿಯ ರುಜು ನೋಡಿ. ನಿಮ್ಮ ತಂದೆಯವರದೇ?"

ಅಪ್ಪನ ರುಜು ಎಲ್ಲಿದ್ದರೂ ಗುರುತಾಗುತ್ತದೆ, ಕೊನೆಯ ಅಕ್ಷರವನ್ನು ಬಾಲದ ಹಾಗೆ ಕೆಳಗೆ ಎಳೆಯುತ್ತಿದ್ದರು. ಹೌದು ಎಂದೆ.

"ಐದನೇ ಪ್ಯಾರಾ ಓದಿ."

ಗಟ್ಟಿಯಾಗಿ ಓದಿದೆ. ‘ವಾದಿಯು 1979ರಿಂದಲೂ ಸದರಿ ದಾರಿಯಲ್ಲಿ ಯಾವ ಅಡ್ಡಿಯೂ ಇಲ್ಲದೆ ಜೀಪು ಓಡಿಸಿಕೊಂಡು ಬಂದಿರುತ್ತಾರೆ.’ ಓದುತ್ತಿದ್ದ ಹಾಗೆಯೇ ಕಾಲಡಿ ನೆಲ ಜಾರಿದ ಹಾಗಾಯಿತು. ಮೂವತ್ತು ವರ್ಷ ಓಡಾಡಿದ್ದು ಅಪ್ಪನಿಗೆ ಗೊತ್ತಿತ್ತು. ವಾದಪತ್ರದಲ್ಲಿ ಬರೆಸಿಯೂ ಇದ್ದರು. ಅದರ ಮೇಲೆ ರೂಢಿಯ ಹಕ್ಕನ್ನು ಮಾತ್ರ ಕೇಳಿರಲಿಲ್ಲ. ‘ಎತ್ತಬಹುದಾಗಿತ್ತು’ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು? ವಕೀಲರು "ಇಷ್ಟೇ, ಸ್ವಾಮಿ" ಎಂದು ಕುಳಿತುಬಿಟ್ಟರು.

2022ರ ಡಿಸೆಂಬರಿನಲ್ಲಿ ದಾವೆ ಖರ್ಚು ಸಮೇತ ವಜಾ. ಇನ್ನೊಂದು ವಿಷಯವೂ ತೀರ್ಪಿನಲ್ಲಿತ್ತು, ಅದಕ್ಕೆ ಹೆಚ್ಚು ಉರಿದುಕೊಂಡೆ. ರೂಢಿಯ ಹಕ್ಕಿಗೆ ಬೇಕಾದ 20 ವರ್ಷದ ಅನುಭವ, ದಾವೆ ಹಾಕುವುದಕ್ಕೆ ಹಿಂದಿನ ಎರಡು ವರ್ಷದೊಳಗೆ ಕೊನೆಗೊಂಡಿರಬೇಕು ಎಂದು ಈಸ್‌ಮೆಂಟ್ಸ್ ಕಾಯ್ದೆಯ 15ನೇ ಕಲಂ ಹೇಳುತ್ತದೆ. ಗೇಟು ಬಿದ್ದದ್ದು 2008ರಲ್ಲಿ. ಅಪ್ಪ ದಾವೆ ಹಾಕಿದಾಗ ಏಳೇ ತಿಂಗಳಾಗಿತ್ತು, ಆ ಆಧಾರ ಜೀವಂತವಿತ್ತು. ನಾನು ಹಾಕುವ ಹೊತ್ತಿಗೆ ಒಂಬತ್ತು ವರ್ಷ ಕಳೆದಿತ್ತು. ರೆಸ್ ಜುಡಿಕೇಟಾ ಇಲ್ಲದಿದ್ದರೂ ನಾನು ಸೋಲುತ್ತಿದ್ದೆ.

ಮೇಲ್ಮನವಿಗೆ ಹೋಗಲೇ ಎಂದು ಮಡಿಕೇರಿಯಲ್ಲಿ ಬೇರೊಬ್ಬ ವಕೀಲರನ್ನು ಕೇಳಿದೆ. ಅವರು ಪೂರ್ತಿ ಕಟ್ಟು ಓದಲು ಎರಡು ದಿನ ತೆಗೆದುಕೊಂಡರು, ಆಮೇಲೆ ಬೇಡ ಎಂದರು. "ಮೊದಲ ತೀರ್ಪೇ ತಪ್ಪಾಗಿದ್ದರೆ?" ಎಂದು ಕೇಳಿದೆ. "ತಪ್ಪು ತೀರ್ಪೂ ಕಟ್ಟಿಹಾಕುತ್ತದೆ. ತಪ್ಪನ್ನು ತಿದ್ದಲು ಇದ್ದ ಜಾಗ 2014ರ ಮೇಲ್ಮನವಿ. ಅಲ್ಲೇ ವಾದಪತ್ರ ತಿದ್ದುಪಡಿಗೆ ಅರ್ಜಿ ಹಾಕಿ ರೂಢಿಯ ಹಕ್ಕನ್ನು ಸೇರಿಸಲು ಪ್ರಯತ್ನವನ್ನಾದರೂ ಮಾಡಬಹುದಿತ್ತು" ಎಂದರು. ತಡವಾಗಿದ್ದರೂ ಒಳ್ಳೆಯ ಕಾರಣವಿದ್ದರೆ ವಿಳಂಬ ಮನ್ನಿಸಿ ಎಂದು ಕೇಳಬಹುದಿತ್ತಂತೆ. ಹೊಸ ದಾವೆಗೆ ಖರ್ಚು ಮಾಡಿದ್ದರಲ್ಲಿ ಕಾಲು ಭಾಗ ಅದಕ್ಕೆ ಸಾಕಾಗುತ್ತಿತ್ತು.

ಹಾಗಂತ ಹಳೆ ಕೇಸು ಇದ್ದ ಮಾತ್ರಕ್ಕೆ ಎಲ್ಲ ಬಾಗಿಲೂ ಮುಚ್ಚುವುದಿಲ್ಲ. ಈ ಕೋರ್ಟಿಗೆ ಅಧಿಕಾರವಿಲ್ಲ ಎಂದು ವಾಪಸಾಗಿದ್ದರೆ, ಅಥವಾ ಹೊಸ ದಾವೆಗೆ ಅನುಮತಿ ಪಡೆದು ಹಿಂದಕ್ಕೆ ತೆಗೆದುಕೊಂಡಿದ್ದರೆ, ವಿಷಯ ತೀರ್ಮಾನವಾದ ಹಾಗಲ್ಲ. ವಾದಿ ಗೈರಾಗಿ ವಜಾ ಆಗಿದ್ದರೂ ಅದು ವಿಚಾರಣೆ ಮಾಡಿ ಕೊಟ್ಟ ತೀರ್ಪಲ್ಲ, ಆದರೆ ಎದುರಿನವರು ಅಂದು ಹಾಜರಿದ್ದರೆ ಅದೇ ಕಾರಣಕ್ಕೆ ಹೊಸ ದಾವೆ ಹಾಕುವಂತಿಲ್ಲ. ಅದೇ ಕೋರ್ಟಿನಲ್ಲಿ 30 ದಿನದೊಳಗೆ ಕೇಸನ್ನು ಮತ್ತೆ ತೆರೆಯಲು ಕೇಳಬೇಕು. ತೀರ್ಪಿನ ನಂತರ ಹುಟ್ಟಿದ ಹೊಸ ಸಂಗತಿಗೂ ಈ ತಡೆ ಇಲ್ಲ. 2018ರ ಆಗಸ್ಟಿನ ಗುಡ್ಡ ಕುಸಿತದಲ್ಲಿ ಮಡಿಕೇರಿ, ಸೋಮವಾರಪೇಟೆ ಕಡೆ ದಾರಿಗಳೇ ಮಾಯವಾದವು. ನಮ್ಮ ಗಾಡಿ ದಾರಿಯೂ ಹಾಗೆ ಹೋಗಿದ್ದರೆ ಅದು ಬೇರೆ ಕಥೆಯಾಗುತ್ತಿತ್ತು. ಆಗಲೂ ಕೇಳಲು ಜಾಗ ಸಿಗುತ್ತಿತ್ತು ಅಷ್ಟೇ, ಗೆಲುವು ಖಾತ್ರಿ ಇರಲಿಲ್ಲ. ಅಗತ್ಯವನ್ನು ಅಳೆಯುವುದು ಪಾಲಾದ ದಿನಕ್ಕೆ, ಅಂದರೆ 1974ಕ್ಕೆ.

ಆದ್ದರಿಂದ ಯಾರೇ "ಹೊಸದಾಗಿ ಹಾಕೋಣ" ಎಂದರೂ ಮೊದಲು ಹಳೆ ದಾವೆಯ ವಾದಪತ್ರ, ಲಿಖಿತ ಹೇಳಿಕೆ, ವಿವಾದಾಂಶ, ತೀರ್ಪು ಈ ನಾಲ್ಕು ಕಾಗದಗಳ ದೃಢೀಕೃತ ನಕಲು ತೆಗೆಸಿ. ತೀರ್ಪಿನ ಕೊನೆಯ ಪುಟ ಸಾಲದು. ವಿವಾದಾಂಶಗಳನ್ನು ಓದಿ, ನಿಮ್ಮ ಹೊಸ ಪಾಯಿಂಟನ್ನು ಹಳೆ ವಾದಪತ್ರದ ಪಕ್ಕ ಇಟ್ಟು "ಇದನ್ನು ಆಗಲೇ ಯಾಕೆ ಕೇಳಲಿಲ್ಲ?" ಎಂದು ವಕೀಲರನ್ನು ಕೇಳಿ. ಉತ್ತರ ತಡವರಿಸಿದರೆ ಫೈಲು ಎತ್ತಿಕೊಂಡು ಎದ್ದು ಬನ್ನಿ.

ನಮ್ಮ ಕಾಫಿ ಈಗಲೂ ಗದ್ದೆ ಏರಿ ಪಕ್ಕದ ದಾರಿಯಲ್ಲೇ ಹೋಗುತ್ತದೆ. ಕಳೆದ ಕೊಯ್ಲಿನಲ್ಲಿ ಪಕ್ಕದ ತೋಟದವರೇ ಗೇಟಿನ ಹತ್ತಿರ ಸಿಕ್ಕಿ, "ಎಷ್ಟು ವರ್ಷ ಹೀಗೆ ಸುತ್ತುತ್ತೀರಿ? ಹತ್ತಡಿ ಅಗಲದ ಪಟ್ಟಿಗೆ ಬೆಲೆ ಕಟ್ಟಿ, ರಿಜಿಸ್ಟರ್ ಮಾಡಿಕೊಡುತ್ತೇನೆ" ಎಂದರು. ಕೊಂಡು ಪಡೆದ ಹಕ್ಕು ಹೊಸ ಹಕ್ಕು, ಹಳೆ ತೀರ್ಪು ಅದಕ್ಕೆ ಅಡ್ಡ ಬರುವುದಿಲ್ಲ ಎಂದು ಮಡಿಕೇರಿಯ ವಕೀಲರು ಹೇಳಿದ್ದಾರೆ. ಪಕ್ಕದ ತೋಟದವರು ಹೇಳಿದ ಬೆಲೆ ನಾನು ಎರಡನೇ ದಾವೆಗೆ ಸುರಿದದ್ದಕ್ಕಿಂತ ಸ್ವಲ್ಪ ಕಡಿಮೆಯೇ ಇದೆ. ಮಳೆ ಬಿಟ್ಟ ಮೇಲೆ ಸರ್ವೆಯವರು ಬರುತ್ತಾರೆ.